1² + 2² + … + n² ಸೂತ್ರಕ್ಕೆ ಇಂಡಕ್ಷನ್ ಪ್ರೂಫ್, ಎರಡನೇ ಸ್ಟೆಪ್ ಸ್ವಲ್ಪ ನಿಧಾನಕ್ಕೆ

ಸಾಧಿಸಬೇಕಿರೋದು ಇದು, n = 1, 2, 3 ಹೀಗೆ ಎಲ್ಲಾ ಸ್ವಾಭಾವಿಕ ಸಂಖ್ಯೆಗಳಿಗೂ:

1² + 2² + 3² + … + n² = n(n+1)(2n+1)/6

ಹಳೇ ಸೂತ್ರ ಇದು, ಆರ್ಯಭಟೀಯದಲ್ಲೇ (ಕ್ರಿ.ಶ. 499ರ ಸುಮಾರು) ಇದೆ. ಅಲ್ಲಿ 2n+1 ಅಂತ ಹೇಳಲ್ಲ, ಪದಗಳ ಸಂಖ್ಯೆ, ಅದಕ್ಕೆ ಒಂದು ಸೇರಿಸಿದ್ದು, ಆಮೇಲೆ ಇವೆರಡರ ಮೊತ್ತ, ಈ ಮೂರನ್ನೂ ಗುಣಿಸಿ ಆರರಿಂದ ಭಾಗಿಸು ಅನ್ನೋ ಥರ ಇದೆ. ಅಂದ್ರೆ 2n+1 ಅನ್ನೋದು n + (n+1). ಇದನ್ನ ನೆನಪಲ್ಲಿಟ್ಕೊಳ್ಳಿ, ಕೆಳಗೆ ಕೆಲಸಕ್ಕೆ ಬರುತ್ತೆ.

ಮೂರ್ನಾಲ್ಕು ಸಂಖ್ಯೆ ಹಾಕಿ ನೋಡಿದ್ರೆ ಸಾಲ್ದಾ ಅಂತೀರಾ? (5n² − 7n + 4)/2 ತಗೊಳ್ಳಿ. n = 1, 2, 3 ಹಾಕಿದ್ರೆ 1, 5, 14, ಮೂರೂ ನಮ್ಮ ಮೊತ್ತಾನೇ. n = 4 ಹಾಕಿದ್ರೆ 28 ಬರುತ್ತೆ, ಬರಬೇಕಿದ್ದಿದ್ದು 30. ಅಲ್ಲಿಗೆ ಚೆಕ್ ಮಾಡಿ ನಂಬೋ ಕಥೆ ಮುಗೀತು.

ಮೊದಲನೇ ಸ್ಟೆಪ್, n = 1. ಎಡಗಡೆ 1² = 1. ಬಲಗಡೆ 1·2·3/6 = 1. ಸರಿಹೋಯ್ತು.

ಎರಡನೇ ಸ್ಟೆಪ್. ಇಲ್ಲೇ ಎಲ್ಲರೂ ಕೇಳೋದು: "k ಗೆ ನಿಜ ಅಂತ ನೀವೇ ಇಟ್ಕೊಂಡ್ಬಿಟ್ರೆ ಇನ್ನು ಸಾಧಿಸೋದೇನು ಉಳೀತು ಸಾರ್?" ಪ್ರಶ್ನೆ ಸರಿಯಾಗೇ ಇದೆ, ಆದ್ರೆ ನಾವು k ಗೆ ನಿಜ ಅಂತ ಹೇಳ್ತಾ ಇಲ್ಲ, k ಗೆ ನಿಜ *ಆದ್ರೆ* k+1 ಗೂ ನಿಜ ಅಂತ ಮಾತ್ರ ಹೇಳ್ತಿರೋದು. ನಾಳೆ ಮಳೆ ಬಂದ್ರೆ ಮ್ಯಾಚ್ ನಡೆಯಲ್ಲ ಅಂದವನು ಮಳೆ ಬಂದೇ ಬರುತ್ತೆ ಅಂದಂಗಾಯ್ತಾ? ಇಲ್ವಲ್ಲ, ಇಲ್ಲೂ ಅಷ್ಟೇ. k ಅನ್ನೋದು ಯಾವುದೋ ಒಂದು ಸಂಖ್ಯೆ, ಅದಕ್ಕೆ ಸೂತ್ರ ನಿಜ ಅಂತ ಇಟ್ಕೊಳ್ಳೋಣ:

1² + 2² + … + k² = k(k+1)(2k+1)/6

ಪೆನ್ ಓಡಿಸೋ ಮುಂಚೆ ಎಲ್ಲಿಗೆ ತಲುಪಬೇಕು ಅಂತ ರಫ್ ಶೀಟಲ್ಲಿ ಬರ್ಕೊಳ್ಳಿ. ಸೂತ್ರದಲ್ಲಿ n ಇದ್ದ ಕಡೆಯೆಲ್ಲ k+1 ಹಾಕ್ಬೇಕು. n+1 ಹೋಗಿ k+2 ಆಗುತ್ತೆ. 2n+1 ಏನಾಗುತ್ತೆ? ತುಂಬಾ ಜನ ಅವಸರದಲ್ಲಿ 2k+2 ಅಂತ ಬರೀತಾರೆ, ಆರ್ಯಭಟನ ಲೆಕ್ಕ ಹಿಡಿದ್ರೆ ತಪ್ಪೋದೇ ಇಲ್ಲ: (k+1) + (k+2) = 2k+3. ಹಾಗಾಗಿ ತಲುಪಬೇಕಿರೋದು (k+1)(k+2)(2k+3)/6. ಇದು ಬರೀ ಗುರಿ, ಪ್ರೂಫ್ ಒಳಗೆ ಮೊದಲೇ ತಂದು ಹಾಕೋ ಹಾಗಿಲ್ಲ.

ಈಗ k+1 ವರ್ಗಗಳ ಮೊತ್ತ. ಮೊದಲ k ವರ್ಗಗಳು ಹಾಗೇ ಇವೆ, ಹೊಸದಾಗಿ ಬಂದಿರೋದು (k+1)² ಒಂದೇ. ಆ ಮೊದಲ k ಪದಗಳ ಜಾಗಕ್ಕೆ ನಾವು ಇಟ್ಕೊಂಡಿದ್ದನ್ನ ಹಾಕೋಣ, ಊಹೆ ಬಳಕೆಯಾಗೋದು ಇಡೀ ಪ್ರೂಫಲ್ಲಿ ಇದೊಂದೇ ಕಡೆ:

1² + … + k² + (k+1)² = k(k+1)(2k+1)/6 + (k+1)²

ಇಲ್ಲಿ ದಯವಿಟ್ಟು ಎಲ್ಲಾನೂ ಬಿಡಿಸಿ k³ ತನಕ ಹೋಗ್ಬೇಡಿ, ಹೋದ್ರೂ ಉತ್ತರ ಬರುತ್ತೆ, ಆದ್ರೆ ವಾಪಸ್ ಅಪವರ್ತನ ಮಾಡೋವಾಗ ಸಾಕಾಗಿಹೋಗುತ್ತೆ. ಗುರಿಯಲ್ಲಿ (k+1) ಇದೆ, ಛೇದದಲ್ಲಿ 6 ಇದೆ, ಇಲ್ಲಿ ಎರಡು ಪದದಲ್ಲೂ (k+1) ಇದೆ, ಹಾಗಾಗಿ (k+1)/6 ಹೊರಗೆ ತೆಗೀರಿ. ಎರಡನೇ ಪದದಿಂದ ಒಂದು (k+1) ಹೊರಗೆ ಹೋದ್ಮೇಲೆ ಇನ್ನೊಂದು ಉಳಿಯುತ್ತೆ, 6ರಿಂದ ಭಾಗಿಸಿದ್ದಕ್ಕೆ ಒಳಗೆ 6 ಬಂದು ಕೂರುತ್ತೆ:

= (k+1)/6 · [k(2k+1) + 6(k+1)]
= (k+1)/6 · [2k² + k + 6k + 6]
= (k+1)/6 · [2k² + 7k + 6]

7k ಒಡೀಬೇಕು. 2·6 = 12, ಗುಣಿಸಿದ್ರೆ 12 ಕೂಡಿಸಿದ್ರೆ 7 ಬರೋ ಜೋಡಿ 4 ಮತ್ತು 3:

2k² + 4k + 3k + 6 = 2k(k+2) + 3(k+2) = (k+2)(2k+3)

ಅಲ್ಲಿಗೆ ಮೊತ್ತ (k+1)(k+2)(2k+3)/6, ರಫ್ ಶೀಟಲ್ಲಿ ಬರ್ಕೊಂಡಿದ್ದೇ ಬಂತು. 1ಕ್ಕೆ ನಿಜ ಅಂತ ಕಣ್ಣಾರೆ ನೋಡಿದ್ವಿ, ಆದ್ದರಿಂದ 2ಕ್ಕೆ ನಿಜ, 2ಕ್ಕೆ ಆಗಿದ್ದರಿಂದ 3ಕ್ಕೆ, ಹೀಗೆ ಯಾವ n ಹೇಳಿದ್ರೂ ಅಲ್ಲಿ ತನಕ ಹೋಗ್ಬಹುದು. ∎

ಇನ್ನೊಂದು, ಮೊದಲನೇ ಸ್ಟೆಪ್ಪನ್ನ ಶಾಸ್ತ್ರಕ್ಕೆ ಬರೆಯೋರಿಗೆ. ಸೂತ್ರದ ಕೊನೇಲಿ ಸುಮ್ನೆ +5 ಸೇರಿಸಿ, ಎರಡನೇ ಸ್ಟೆಪ್ ಮತ್ತೆ ಮಾಡಿ. ಎರಡೂ ಕಡೆ 5 ಹಾಗೇ ದಾಟ್ಕೊಂಡು ಬರುತ್ತೆ, ಒಂದು ಸಾಲೂ ಕೆಡಲ್ಲ! n = 1 ಹಾಕಿದಾಗ ಮಾತ್ರ ಎಡಗಡೆ 1, ಬಲಗಡೆ 6 ಬಂದು ಸಿಕ್ಕಾಕೊಳ್ಳುತ್ತೆ.