ರಾಜ್ಯೋತ್ಸವದ ವಿಡಿಯೊ ಚಿತ್ರೀಕರಣಕ್ಕೆ ಅನುಮತಿ ಕೋರಿ

ಶಿವಮೊಗ್ಗ, ಅಕ್ಟೋಬರ್ 22

ಮಾನ್ಯ ಪ್ರಾಂಶುಪಾಲರಿಗೆ,
ನಮಸ್ಕಾರ ಸರ್.

ನವೆಂಬರ್ 1ರ ರಾಜ್ಯೋತ್ಸವವನ್ನು ವಿಡಿಯೊ ಮಾಡಿ, ಕಾಲೇಜಿನ ಯೂಟ್ಯೂಬ್ ಚಾನೆಲ್‌ಗೆ ಹಾಕಲು ದಯವಿಟ್ಟು ಅನುಮತಿ ಕೊಡಿ. ಬಯಲು ರಂಗಮಂದಿರದಲ್ಲಿ ಮಾತ್ರ, ಬೆಳಿಗ್ಗೆ 9ರಿಂದ 12ರವರೆಗೆ. ಎರಡು ಮೊಬೈಲ್, ಒಂದು ಟ್ರೈಪಾಡ್ ಸಾಕು.

ಈ ಸಲ ಬಿ.ಕಾಂ. ಹುಡುಗಿಯರು ಡೊಳ್ಳು ಬಾರಿಸುತ್ತಿದ್ದಾರೆ. ಒಂದೂವರೆ ತಿಂಗಳಿಂದ ದಿನಾ ಸಂಜೆ ಅಭ್ಯಾಸ. ಬೆರಳು ಒಡೆದರೂ ಬಟ್ಟೆ ಸುತ್ತಿಕೊಂಡು ಬಾರಿಸುತ್ತಾರೆ. ಹಳ್ಳಿಯಲ್ಲಿರುವ ಅವರ ಅಪ್ಪ ಅಮ್ಮ ಕೆಲಸ ಬಿಟ್ಟು ಬರುವುದು ಕಷ್ಟ. ಅವರೂ ನೋಡಬೇಕು ಅಲ್ವಾ ಸರ್?

ತಂಡದವರೆಲ್ಲರ ಒಪ್ಪಿಗೆ ಸಹಿ ಈ ಪತ್ರದ ಜೊತೆಗಿದೆ. ಕೂತು ನೋಡುವವರ ಮುಖ ಹತ್ತಿರದಿಂದ ತೆಗೆಯುವುದಿಲ್ಲ. ಎಡಿಟ್ ಆದ ಮೇಲೆ ಮೊದಲು ನಿಮಗೇ ತೋರಿಸುತ್ತೇವೆ. ನೀವು ಬೇಡ ಎಂದದ್ದನ್ನು ತೆಗೆದೇ ಹಾಕುತ್ತೇವೆ.

ಇಂತಿ ನಿಮ್ಮ ವಿದ್ಯಾರ್ಥಿಗಳು,
ಕಾರ್ಯದರ್ಶಿ ಮತ್ತು ಸದಸ್ಯರು,
ಕಾಲೇಜಿನ ಕನ್ನಡ ಸಂಘ