ಸ್ಪರ್ಧಿಸುವ ಪ್ರತಿಬಂಧಕ, ಸ್ಪರ್ಧಿಸದ ಪ್ರತಿಬಂಧಕ: ಬಿ.ಎಸ್ಸಿ. ವಿದ್ಯಾರ್ಥಿಗಳಿಗೊಂದು ಟಿಪ್ಪಣಿ

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಈಗ ಜೀವರಸಾಯನಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಓದುತ್ತಿರುವ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ವಿದ್ಯಾರ್ಥಿಗಳಿಗಾಗಿ ಈ ಟಿಪ್ಪಣಿಯನ್ನು ಬರೆದಿದ್ದೇನೆ. ಪಾರಿಭಾಷಿಕ ಪದಗಳು ಕೊನೆಯಲ್ಲಿವೆ.

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕವೊಂದನ್ನು ನೆನೆಯಿರಿ. ಹತ್ತು ಬೇಸಿನ್‌ಗಳಿವೆ ಎನ್ನೋಣ. ಬೇಸಿನ್ ಕಿಣ್ವ, ಗೂಡು ಆಧಾರವಸ್ತು, ನೂಲು ಉತ್ಪನ್ನ. ಗೂಡಿನ ರಾಶಿಯಲ್ಲಿ ತೂತು ಬಿದ್ದ ಗೂಡುಗಳು ಬೆರೆತಿದ್ದರೆ ಅವೂ ಕೈಗೆ ಸಿಗುತ್ತವೆ. ನೂಲು ಬರುವುದಿಲ್ಲ, ಆದರೆ ಅಷ್ಟು ಹೊತ್ತು ಒಳ್ಳೆಯ ಗೂಡಿನ ಜಾಗ ಹೋಗುತ್ತದೆ. ಒಳ್ಳೆಯ ಗೂಡನ್ನು ಹೇರಳವಾಗಿ ಸುರಿದರೆ ತೂತು ಗೂಡು ಕೈಗೆ ಸಿಗುವುದೇ ಅಪರೂಪವಾಗಿ, ಘಟಕ ಮತ್ತೆ ತನ್ನ ಪೂರ್ಣ ವೇಗವನ್ನು ಮುಟ್ಟುತ್ತದೆ. ಇದು ಸ್ಪರ್ಧಾತ್ಮಕ ಪ್ರತಿಬಂಧ. ಇನ್ನೊಂದು ದಿನ ಗೂಡೆಲ್ಲ ಒಳ್ಳೆಯದೇ, ಆದರೆ ಐದು ಬೇಸಿನ್‌ಗಳ ಬೆಲ್ಟು ಕಳಚಿದೆ. ಅವುಗಳಲ್ಲಿ ಗೂಡು ಕೂರುತ್ತದೆ, ನೂಲು ಸುತ್ತುವುದಿಲ್ಲ. ಎಷ್ಟು ಗೂಡು ಸುರಿದರೂ ಅರ್ಧಕ್ಕಿಂತ ಹೆಚ್ಚು ನೂಲು ಸಿಗದು. ಇದು ಸ್ಪರ್ಧಾತ್ಮಕವಲ್ಲದ ಪ್ರತಿಬಂಧ. ಕಳಚಿದ ಬೆಲ್ಟು ತಾನಾಗಿ ಕೂರುವುದಿಲ್ಲ, ಇಲ್ಲಿ ಹೇಳುತ್ತಿರುವ ಪ್ರತಿಬಂಧಕವಾದರೋ ಅಂಟುತ್ತ ಬಿಡುತ್ತ ಇರುತ್ತದೆ ಎಂಬಷ್ಟರ ಮಟ್ಟಿಗೆ ಈ ಹೋಲಿಕೆ ಕುಂಟುತ್ತದೆ.

ಮೊದಲನೆಯದಕ್ಕೆ ಹಳೆಯ, ಆದರೂ ಅತಿ ಸ್ಪಷ್ಟವಾದ ನಿದರ್ಶನ ಮ್ಯಾಲೊನೇಟ್. ಸಕ್ಸಿನೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವು ನಾಲ್ಕು ಕಾರ್ಬನ್‌ಗಳ ಸಕ್ಸಿನೇಟ್‌ನ ನಡುವಿನ ಎರಡು ಕಾರ್ಬನ್‌ಗಳಿಂದ ತಲಾ ಒಂದು ಹೈಡ್ರೋಜನ್ನನ್ನು ತೆಗೆದು ಅದನ್ನು ಫ್ಯೂಮರೇಟ್ ಆಗಿಸುತ್ತದೆ. ಮ್ಯಾಲೊನೇಟ್‌ನ ಎರಡು ತುದಿಗಳಲ್ಲಿಯೂ ಸಕ್ಸಿನೇಟ್‌ಗಿರುವಂತೆಯೇ ಕಾರ್ಬಾಕ್ಸಿಲ್ ಗುಂಪುಗಳಿರುವುದರಿಂದ ಅದು ಸಕ್ರಿಯ ತಾಣದಲ್ಲಿ ಸಲೀಸಾಗಿ ಕೂರುತ್ತದೆ. ನಡುವೆ ಇರುವುದು ಒಂದೇ ಕಾರ್ಬನ್ ಆದ್ದರಿಂದ ಕ್ರಿಯೆ ಮಾತ್ರ ನಡೆಯುವುದಿಲ್ಲ. ಆಸ್ಪತ್ರೆಯಲ್ಲಿಯೂ ಈ ಸ್ಪರ್ಧೆಯ ಉಪಯೋಗವಿದೆ. ಮೆಥನಾಲ್ ಕುಡಿದವರ ದೇಹದಲ್ಲಿ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಅದನ್ನು ಫಾರ್ಮಾಲ್ಡಿಹೈಡ್ ಮಾಡುತ್ತದೆ, ಅದರಿಂದ ಹುಟ್ಟುವ ಫಾರ್ಮಿಕ್ ಆಮ್ಲ ಕಣ್ಣಿನ ನರವನ್ನು ಕೆಡಿಸುತ್ತದೆ. ಫೊಮೆಪಿಝೋಲ್ ಎಂಬ ಔಷಧ ಆ ಕಿಣ್ವದಲ್ಲಿ ಮೆಥನಾಲ್‌ಗೆ ಜಾಗ ಸಿಗದಂತೆ ಮಾಡುತ್ತದೆ.

ಎರಡನೆಯದಕ್ಕೆ ಎಚ್‌ಐವಿ ಚಿಕಿತ್ಸೆಯ ನೆವಿರಪಿನ್ ಸಾಕು: ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವದ ಸಕ್ರಿಯ ತಾಣವನ್ನು ಬಿಟ್ಟು ಬೇರೊಂದು ಗುಳಿಯಲ್ಲಿ ಕುಳಿತು ಅದು ಕಿಣ್ವದ ಆಕಾರವನ್ನು ಬದಲಿಸುತ್ತದೆ.

ಅಂಕಿಗಳನ್ನು ಹಾಕಿ ನೋಡದೆ ಈ ವಿಷಯ ಮನಸ್ಸಿಗೆ ಇಳಿಯುವುದಿಲ್ಲವೆಂಬುದು ನನ್ನ ಅನುಭವ. ಮಿಖಾಯೆಲಿಸ್ ಮತ್ತು ಮೆಂಟೆನ್ 1913ರಲ್ಲಿ ಪ್ರಕಟಿಸಿದ ಸಮೀಕರಣದ ಇಂದಿನ ರೂಪ ಇದು:

v = Vmax[S] / (Km + [S])

ಇಲ್ಲಿ v ಕ್ರಿಯೆಯ ವೇಗ, Vmax ಗರಿಷ್ಠ ವೇಗ, [S] ಆಧಾರವಸ್ತುವಿನ ಸಾರತೆ, Km ಎಂದರೆ ವೇಗವು Vmaxನ ಅರ್ಧವಾಗುವಾಗಿನ ಸಾರತೆ. Vmax 60 ಮಾನಗಳು, Km 2 ಮಿಲಿಮೋಲಾರ್ ಎಂದಿಟ್ಟುಕೊಳ್ಳಿ. ಆಧಾರವಸ್ತು 2 ಮಿಲಿಮೋಲಾರ್ ಇದ್ದಾಗ ವೇಗ 30. ಸ್ಪರ್ಧಾತ್ಮಕ ಪ್ರತಿಬಂಧಕವು ತೋರಿಕೆಯ Km ಅನ್ನು 4ಕ್ಕೆ ಏರಿಸಿದರೆ ವೇಗ 20ಕ್ಕೆ ಇಳಿಯುತ್ತದೆ. ಆದರೆ ಆಧಾರವಸ್ತುವನ್ನು 200ಕ್ಕೆ ಏರಿಸಿದಾಗ ಅದು 58.8 ಆಗುತ್ತದೆ, ಪ್ರತಿಬಂಧಕವೇ ಇಲ್ಲದಿದ್ದರೂ 59.4 ಅಷ್ಟೆ. ಸ್ಪರ್ಧಾತ್ಮಕವಲ್ಲದ ಪ್ರತಿಬಂಧಕವು Vmax ಅನ್ನು 30ಕ್ಕೆ ಇಳಿಸಿ Km ಅನ್ನು 2ರಲ್ಲಿಯೇ ಬಿಟ್ಟರೆ, ಮೊದಲ ಸ್ಥಿತಿಯಲ್ಲಿ ವೇಗ 15, ಎರಡನೆಯದರಲ್ಲಿ 29.7. ಇನ್ನೆಷ್ಟು ಸೇರಿಸಿದರೂ ಅದು 30ನ್ನು ದಾಟದು. Km ಏಕೆ ಬದಲಾಗಲಿಲ್ಲವೆಂದರೆ, ಶುದ್ಧ ರೂಪದಲ್ಲಿ ಈ ಪ್ರತಿಬಂಧಕವು ಖಾಲಿ ಕಿಣ್ವಕ್ಕೂ ಆಧಾರವಸ್ತು ಕೂತಿರುವ ಕಿಣ್ವಕ್ಕೂ ಒಂದೇ ಬಲದಿಂದ ಅಂಟುತ್ತದೆ. ಹಾಗಾಗಿ ಆಧಾರವಸ್ತು ಕೂರುವ ಒಲವು ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆ ಎರಡು ಬಲಗಳು ಸಮನಾಗಿರುವುದು ಅಪರೂಪ. ಸಮನಾಗಿಲ್ಲದಿದ್ದಾಗ ಅದನ್ನು ಮಿಶ್ರ ಪ್ರತಿಬಂಧ ಎನ್ನುತ್ತಾರೆ.

ಅಡ್ಡ ಅಕ್ಷದಲ್ಲಿ 1/[S], ಲಂಬ ಅಕ್ಷದಲ್ಲಿ 1/v ಇಟ್ಟು ಎಳೆಯುವ ಲೈನ್‌ವೀವರ್–ಬರ್ಕ್ ನಕ್ಷೆಯಲ್ಲಿ ಸ್ಪರ್ಧೆಯಿರುವ ಗೆರೆಗಳು ಲಂಬ ಅಕ್ಷದ ಮೇಲೆ ಕೂಡುತ್ತವೆ, ಸ್ಪರ್ಧೆಯಿಲ್ಲದವು ಅಡ್ಡ ಅಕ್ಷದ ಮೇಲೆ. ಉತ್ತರಪತ್ರಿಕೆಗಳಲ್ಲಿ ಇವು ಅದಲುಬದಲಾಗಿರುವುದನ್ನು ಪ್ರತಿ ವರ್ಷವೂ ಕಾಣುತ್ತೇನೆ. ಲಂಬ ಅಕ್ಷವನ್ನು ಗೆರೆ ಕತ್ತರಿಸುವ ಬಿಂದು 1/Vmax ಎಂಬುದು ನೆನಪಿದ್ದರೆ ಬಾಯಿಪಾಠ ಬೇಕಿಲ್ಲ.

ಪದಕೋಶ

ಕಿಣ್ವ: ಎನ್‌ಜೈಮ್.
ಆಧಾರವಸ್ತು: ಸಬ್‌ಸ್ಟ್ರೇಟ್. ತರಗತಿಯಲ್ಲಿ ಇಂಗ್ಲಿಷ್ ಪದವನ್ನೇ ಬಳಸಿದರೂ ಅಡ್ಡಿಯಿಲ್ಲ.
ಸಕ್ರಿಯ ತಾಣ: ಆ್ಯಕ್ಟಿವ್ ಸೈಟ್.
ಪ್ರತಿಬಂಧಕ: ಇನ್‌ಹಿಬಿಟರ್. ಅದರಿಂದಾಗುವ ಕ್ರಿಯೆ ಪ್ರತಿಬಂಧ, ಇನ್‌ಹಿಬಿಷನ್.
ಸ್ಪರ್ಧಾತ್ಮಕ: ಕಾಂಪಿಟೆಟಿವ್.
ಸ್ಪರ್ಧಾತ್ಮಕವಲ್ಲದ: ನಾನ್-ಕಾಂಪಿಟೆಟಿವ್. ಅನ್‌ಕಾಂಪಿಟೆಟಿವ್ ಎಂಬುದು ಬೇರೆ. ಅಲ್ಲಿ ಪ್ರತಿಬಂಧಕವು ಆಧಾರವಸ್ತು ಕೂತ ಮೇಲಷ್ಟೇ ಅಂಟುತ್ತದೆ.
ಮಿಶ್ರ ಪ್ರತಿಬಂಧ: ಮಿಕ್ಸ್ಡ್ ಇನ್‌ಹಿಬಿಷನ್.
ಗರಿಷ್ಠ ವೇಗ: ಮ್ಯಾಕ್ಸಿಮಮ್ ವೆಲಾಸಿಟಿ, ಅಂದರೆ Vmax.
ಸಾರತೆ: ಕಾನ್ಸೆಂಟ್ರೇಷನ್. ಸಾಂದ್ರತೆ ಎಂದರೆ ಡೆನ್ಸಿಟಿ ಎಂದೂ ಆಗುವುದರಿಂದ ಇಲ್ಲಿ ಆ ಪದ ಬೇಡ.