17ನೇ ಸಿಸ್ಟಂನ ಡಿ ಡ್ರೈವ್‌ನಲ್ಲಿರುವ ಫೈಲ್‌ಗಳನ್ನು ತೆಗೆದುಕೊಡಲು ಕೋರಿ ಮನವಿ

ಸ್ಥಳ: ಹಾಸನ
ದಿನಾಂಕ: 15 ಮೇ 2025

ಇಂದ,
ರಮ್ಯಾ
ಅಂತಿಮ ಬಿಸಿಎ, 6ನೇ ಸೆಮಿಸ್ಟರ್, ರೋಲ್ ನಂಬರ್ 41

ಗೆ,
ಲ್ಯಾಬ್ ಅಡ್ಮಿನಿಸ್ಟ್ರೇಟರ್ ಅವರಿಗೆ
ಕಂಪ್ಯೂಟರ್ ಲ್ಯಾಬ್ 2

ವಿಷಯ: ಕೆಟ್ಟಿರುವ ಡಿ ಡ್ರೈವ್‌ನಿಂದ ನನ್ನ ಪ್ರಾಜೆಕ್ಟ್ ಫೈಲ್‌ಗಳನ್ನು ತೆಗೆದುಕೊಡುವ ಬಗ್ಗೆ, ಮತ್ತು ಅಲ್ಲಿಯವರೆಗೆ 17ನೇ ಸಿಸ್ಟಂ ಅನ್ನು ಫಾರ್ಮ್ಯಾಟ್ ಮಾಡದಿರುವ ಬಗ್ಗೆ.

ಮಾನ್ಯರೇ,

ಸೋಮವಾರ, 19ನೇ ತಾರೀಕಿನ ಪ್ರಾಕ್ಟಿಕಲ್ ಪರೀಕ್ಷೆಗಾಗಿ ಭಾನುವಾರ ಸಂಜೆ ಲ್ಯಾಬಿನ ಎಲ್ಲ ಸಿಸ್ಟಂಗಳನ್ನೂ ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕುತ್ತೀರಿ ಎಂದು ನಿನ್ನೆ ಗೊತ್ತಾಯಿತು. ಅದಕ್ಕೇ ಈ ಪತ್ರವನ್ನು ಇಷ್ಟು ಅವಸರದಲ್ಲಿ ಬರೆಯುತ್ತಿದ್ದೇನೆ ಸರ್. ನೀವು ಇದನ್ನು ಪೂರ್ತಿ ಓದುವ ಮೊದಲೇ ಒಂದು ಮಾತು: ದಯವಿಟ್ಟು 17ನೇ ಸಿಸ್ಟಂ ಒಂದನ್ನು ಆ ಪಟ್ಟಿಯಿಂದ ತೆಗೆದುಹಾಕಿ. ಪರೀಕ್ಷೆಗೆ ಆ ಸೀಟು ಬೇಕೇ ಬೇಕು ಎಂದಾದರೆ ಒಳಗಿನ ಹಾರ್ಡ್ ಡಿಸ್ಕ್ ಬಿಚ್ಚಿ ಪಕ್ಕಕ್ಕಿಟ್ಟು ಬೇರೆ ಡಿಸ್ಕ್ ಹಾಕಿದರೂ ಸಾಕು. ನನಗೆ ಬೇಕಿರುವುದು ಆ ಡಿಸ್ಕ್ ಮಾತ್ರ.

ಆದದ್ದು ಇಷ್ಟು. ಮೊನ್ನೆ ಮಂಗಳವಾರ, 13ರಂದು, ಮಧ್ಯಾಹ್ನದ ಲ್ಯಾಬ್ ಮುಗಿದ ಮೇಲೂ ನಾನು ಪ್ರಾಜೆಕ್ಟ್ ಕೆಲಸಕ್ಕೆಂದು ಕೂತಿದ್ದೆ. ಸುಮಾರು 4.20ಕ್ಕೆ ಕರೆಂಟ್ ಹೋಯಿತು. ಯುಪಿಎಸ್ ಕೂಗಲು ಶುರು ಮಾಡಿತು. ಸೇವ್ ಮಾಡಿ ಶಟ್‌ಡೌನ್ ಒತ್ತೋಣ ಎನ್ನುವಷ್ಟರಲ್ಲಿ ಇಡೀ ಸಾಲು ಆಫ್ ಆಯಿತು. ಆಗ ನಾನು ಒಂದು ದೊಡ್ಡ ಫೋಲ್ಡರನ್ನು ಡಿ ಡ್ರೈವ್‌ನಲ್ಲೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೂವ್ ಮಾಡುತ್ತಿದ್ದೆ. ಜೊತೆಗೆ ಡೇಟಾಬೇಸ್ ಸರ್ವರ್ ಕೂಡ ಓಡುತ್ತಿತ್ತು. ಕರೆಂಟ್ ಬಂದ ಮೇಲೆ ಸಿಸ್ಟಂ ಆನ್ ಆಯಿತು, ಸಿ ಡ್ರೈವ್ ಸರಿಯಾಗಿತ್ತು. ಡಿ ಮೇಲೆ ಕ್ಲಿಕ್ ಮಾಡಿದರೆ ಈ ಸಂದೇಶ ಬಂತು:

```
You need to format the disk in drive D: before you can use it.
```

ಪಕ್ಕದಲ್ಲಿದ್ದವರು "ಫಾರ್ಮ್ಯಾಟ್ ಕೊಡು, ಸರಿಹೋಗುತ್ತೆ" ಎಂದರು. ಡ್ರೈವ್ ಸರಿಹೋಗುತ್ತದೆ ನಿಜ, ಒಳಗಿರುವುದು ಹೋಗುತ್ತದೆ ಅಲ್ವಾ? ನಾನು ಕ್ಯಾನ್ಸಲ್ ಒತ್ತಿದೆ. ಆಮೇಲೆ ಒಬ್ಬ ಸ್ನೇಹಿತ ಕಮಾಂಡ್ ಪ್ರಾಂಪ್ಟ್ ತೆರೆದು `chkdsk D: /f` ಕೊಟ್ಟ. ಅದನ್ನು ಕೊಡಲು ಬಿಟ್ಟದ್ದು ನನ್ನ ತಪ್ಪು, ಮುಚ್ಚಿಡುವುದಿಲ್ಲ. ಆದರೆ ಅದು ಏನೂ ಮಾಡಲಿಲ್ಲ, ಹೀಗೆ ಹೇಳಿ ನಿಂತಿತು:

```
The type of the file system is RAW.
CHKDSK is not available for RAW drives.
```

ಅದಾದ ಮೇಲೆ ಡಿ ಡ್ರೈವ್‌ಗೆ ನಾನು ಏನನ್ನೂ ಬರೆದಿಲ್ಲ. ರಿಕವರಿ ಸಾಫ್ಟ್‌ವೇರ್ ಯಾವುದನ್ನೂ ಇನ್‌ಸ್ಟಾಲ್ ಮಾಡಿಲ್ಲ. ಬುಧವಾರ ಬೆಳಿಗ್ಗೆ ಇನ್ನೊಮ್ಮೆ ನೋಡೋಣ ಎಂದು ಆನ್ ಮಾಡಿದಾಗ ಮಾತ್ರ ಸಿಪಿಯು ಒಳಗಿನಿಂದ ಟಿಕ್ ಟಿಕ್ ಎಂದು ಮೂರು ನಾಲ್ಕು ಸಲ ಸದ್ದು ಬಂತು. ಮಂಗಳವಾರ ಆ ಸದ್ದು ಇರಲಿಲ್ಲ. ಇದು ನಿಮಗೆ ಮುಖ್ಯ ಅನ್ನಿಸಬಹುದು ಎಂದು ಬರೆಯುತ್ತಿದ್ದೇನೆ. ಕೂಡಲೇ ಆಫ್ ಮಾಡಿ, ಮಾನಿಟರ್ ಮೇಲೆ "ಆನ್ ಮಾಡಬೇಡಿ" ಎಂದು ಚೀಟಿ ಅಂಟಿಸಿ ಕ್ಲಾಸಿಗೆ ಹೋದೆ. ಹನ್ನೆರಡು ಗಂಟೆಗೆ ಬಂದು ನೋಡಿದರೆ ಚೀಟಿ ಕೀಬೋರ್ಡ್ ಕೆಳಗಿತ್ತು. ಫಸ್ಟ್ ಇಯರ್ ಹುಡುಗನೊಬ್ಬ ಅದೇ ಸಿಸ್ಟಂನಲ್ಲಿ ಸಿ ಪ್ರೋಗ್ರಾಂ ಟೈಪ್ ಮಾಡುತ್ತಿದ್ದ. ಅವನ ಕೆಲಸ ಸಿ ಡ್ರೈವ್‌ನಲ್ಲೇ ಸೇವ್ ಆಗಿತ್ತು. ಆದರೂ ನನಗೆ ಜೀವ ಬಾಯಿಗೆ ಬಂದಿತ್ತು.

ಡ್ರೈವ್‌ನಲ್ಲಿ ಏನಿದೆ ಎಂದು ಹೇಳಬೇಕು. ನನ್ನ ಪ್ರಾಜೆಕ್ಟ್ ನಮ್ಮೂರ ಹಾಲಿನ ಡೈರಿಯ ಲೆಕ್ಕ. ನಮ್ಮೂರು ಅರಸೀಕೆರೆ ಕಡೆ. ನಮ್ಮ ಚಿಕ್ಕಪ್ಪ ಅಲ್ಲಿಯ ಸಂಘದ ಸೆಕ್ರೆಟರಿ. 62 ಜನ ಬೆಳಿಗ್ಗೆ ಸಂಜೆ ಹಾಲು ಹಾಕುತ್ತಾರೆ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ರಿಜಿಸ್ಟರ್‌ನಲ್ಲಿ ಕೈಯಲ್ಲೇ ಬರೆಯುತ್ತಾರೆ. 2024ರ ಅಕ್ಟೋಬರ್‌ನಿಂದ 2025ರ ಜನವರಿವರೆಗಿನ ನಾಲ್ಕು ತಿಂಗಳ ರಿಜಿಸ್ಟರ್ ಪುಟಗಳನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದು, ನೋಡಿಕೊಂಡು ಒಂದೊಂದಾಗಿ ಟೈಪ್ ಮಾಡಿದ್ದೆ. 14 ಸಾವಿರಕ್ಕೂ ಜಾಸ್ತಿ ಎಂಟ್ರಿಗಳು. ಕೆಲವು ಪುಟಗಳ ಮೇಲೆ ಹಾಲು ಚೆಲ್ಲಿ ಶಾಯಿ ಹರಡಿತ್ತು. 38ನೇ ನಂಬರಿನ ಅಜ್ಜಿಯ ಸಾಲಿನಲ್ಲಿ 1.2 ಲೀಟರೋ 7.2 ಲೀಟರೋ ತಿಳಿಯದೆ ಫೋಟೋ ದೊಡ್ಡದು ಮಾಡಿ ನೋಡಿ, ಕೊನೆಗೆ ಚಿಕ್ಕಪ್ಪನಿಗೆ ಫೋನ್ ಮಾಡಿದ್ದೆ. ಅವರು ನಕ್ಕು, "ಆ ಅಜ್ಜಿಗೆ ಇರೋದೇ ಒಂದು ಹಸು ಕಣಮ್ಮ, ಏಳು ಲೀಟರ್ ಎಲ್ಲಿಂದ ಬರುತ್ತೆ" ಎಂದರು. ಅಂಥ ಎಷ್ಟೋ ಸಂಖ್ಯೆಗಳನ್ನು ಹೀಗೆ ಕೇಳಿ ಕೇಳಿ ಸರಿಮಾಡಿದ್ದು.

ಮತ್ತೆ ಟೈಪ್ ಮಾಡೋಣ ಎಂದರೆ ಆ ರಿಜಿಸ್ಟರ್‌ಗಳು ಈಗ ಆಡಿಟ್‌ಗೆ ಹೋಗಿವೆ. ಜೂನ್ ಒಳಗೆ ವಾಪಸ್ ಬರುವುದಿಲ್ಲ ಎಂದು ಚಿಕ್ಕಪ್ಪ ಹೇಳಿದ್ದಾರೆ. ಫೋಟೋಗಳನ್ನು ಲ್ಯಾಬಿನ ಸಿಸ್ಟಂಗೆ ಹಾಕಿಕೊಂಡ ಮೇಲೆ ಮೊಬೈಲ್‌ನಲ್ಲಿ ಜಾಗ ಇಲ್ಲ ಎಂದು ಅಳಿಸಿಬಿಟ್ಟೆ. ಪ್ರಾಜೆಕ್ಟ್ ಸಲ್ಲಿಸಲು ಕೊನೆಯ ದಿನ 26ನೇ ತಾರೀಕು.

ಬ್ಯಾಕಪ್ ಯಾಕೆ ಇಟ್ಟುಕೊಳ್ಳಲಿಲ್ಲ ಎಂದು ನೀವು ಕೇಳಿಯೇ ಕೇಳುತ್ತೀರಿ. ಲ್ಯಾಬಿನಲ್ಲಿ ವೈರಸ್ ಭಯಕ್ಕೆ ಪೆನ್‌ಡ್ರೈವ್ ಹಾಕಲು ಬಿಡುವುದಿಲ್ಲ, ಸಿ ಡ್ರೈವ್‌ನಲ್ಲಿ ಇಟ್ಟರೆ ರೀಸ್ಟಾರ್ಟ್ ಆದಾಗ ಹೋಗುತ್ತದೆ, ಹಾಗಾಗಿ ಎಲ್ಲರೂ ಡಿ ಡ್ರೈವ್‌ನಲ್ಲೇ ಇಡುತ್ತೇವೆ. ಇದು ಅರ್ಧ ಉತ್ತರ. ಉಳಿದರ್ಧ ಏನೆಂದರೆ, ಒಂದು ಸಲ ನನಗೇ ಮೇಲ್ ಮಾಡಿಕೊಂಡಿದ್ದರೆ ಆಗುತ್ತಿತ್ತು, ಮಾಡಲಿಲ್ಲ. ಏಪ್ರಿಲ್ 22ಕ್ಕೆ ನಮ್ಮ ಗೈಡ್ ಮೇಡಂಗೆ ರಿಪೋರ್ಟಿನ ಮೊದಲ ಎರಡು ಅಧ್ಯಾಯ ಕಳಿಸಿದ್ದೆ, ಅವು ಮಾತ್ರ ಜಿಮೇಲ್‌ನಲ್ಲಿ ಉಳಿದಿವೆ.

ನನ್ನ ಫೈಲ್‌ಗಳು ಇದ್ದ ಜಾಗ ಇದು, ಯಾವುದು ಜಾಸ್ತಿ ಮುಖ್ಯವೋ ಅದೇ ಮೇಲೆ:

```
D:\6sem\dairy_backup.sql
D:\xampp\mysql\data\dairydb\
D:\xampp\mysql\data\ibdata1
D:\6sem\register_photo\
D:\xampp\htdocs\dairy\
D:\6sem\Report_final2.docx
```

ಮೊದಲನೆಯದು ಒಂದೇ ಸಿಕ್ಕರೂ ನಾನು ಬದುಕಿದೆ. ಅದು ಏಪ್ರಿಲ್ 30ರಂದು ಡೇಟಾಬೇಸ್‌ನಿಂದ ಎಕ್ಸ್‌ಪೋರ್ಟ್ ಮಾಡಿದ್ದು, ಬರೀ ಟೆಕ್ಸ್ಟ್ ಫೈಲ್. ಅದರ ಮೊದಲ ಸಾಲು `-- phpMyAdmin SQL Dump` ಎಂದಿರುತ್ತದೆ. ಫೈಲಿನ ಹೆಸರು, ಫೋಲ್ಡರ್ ಎಲ್ಲ ಕಳೆದುಹೋಗಿದ್ದರೂ ಡಿಸ್ಕ್ ತುಂಬ ಆ ಸಾಲನ್ನು ಹುಡುಕಿ ಹಿಡಿಯಬಹುದು ಎಂದುಕೊಂಡಿದ್ದೇನೆ. ಅದು ಸಿಗದಿದ್ದರೆ `dairydb` ಫೋಲ್ಡರ್ ಬೇಕಾಗುತ್ತದೆ. ಆದರೆ ಅದೊಂದೇ ಸಾಲದು, ಜೊತೆಗೆ `ibdata1` ಕೂಡ ಬೇಕು, ಇಲ್ಲದಿದ್ದರೆ ಟೇಬಲ್‌ಗಳು ಸುಮ್ನೆ ತೆರೆದುಕೊಳ್ಳುವುದಿಲ್ಲ. ಎರಡೂ ಇಲ್ಲ ಎಂದಾದರೆ ಫೋಟೋಗಳು. ಸುಮಾರು 240 ಇವೆ, ಎಲ್ಲ ಜೆಪಿಜಿ. ಹೆಸರು ಹೋದರೂ ಪರವಾಗಿಲ್ಲ, ಪ್ರತಿ ಪುಟದ ಮೇಲೆ ತಾರೀಕು ಬರೆದಿದೆ, ನಾನೇ ಜೋಡಿಸಿಕೊಳ್ಳುತ್ತೇನೆ. ಕೊನೆಯ ಎರಡು ಸಿಗದಿದ್ದರೆ ಚಿಂತೆ ಇಲ್ಲ. ಕೋಡ್ ಮತ್ತೆ ಬರೆಯುತ್ತೇನೆ, ರಿಪೋರ್ಟ್ ಅಂತೂ ಹೇಗೂ ಬರೆಯಲೇಬೇಕು.

ಹೇಗೆ ತೆಗೆಯಬೇಕು ಎಂದು ನಿಮಗೆ ಹೇಳಿಕೊಡುವಷ್ಟು ದೊಡ್ಡವಳಲ್ಲ ನಾನು. ಒಂದೇ ಕೋರಿಕೆ: ರಿಪೇರಿ ಏನೇ ಮಾಡುವುದಿದ್ದರೂ ಮೊದಲು ಇಡೀ ಡಿಸ್ಕಿನ ಒಂದು ಇಮೇಜ್ ತೆಗೆದುಕೊಂಡು, ಆ ನಕಲಿನ ಮೇಲೆ ಮಾಡಿ. ಡಿಸ್ಕ್ 500 ಜಿಬಿಯದು. ನಮ್ಮ ಅಣ್ಣನ ಹತ್ತಿರ ಖಾಲಿ ಇರುವ 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ಕೇಳಿ ತಂದಿದ್ದೇನೆ. ಅದನ್ನು ಹಾಕಲು ನಿಮ್ಮ ಅನುಮತಿ ಬೇಕು. ಬರೀ ಬೂಟ್ ಸೆಕ್ಟರ್ ಹಾಳಾಗಿದ್ದರೆ ಕೆಲಸ ಸುಲಭ ಆಗಬಹುದು, ಯಾಕೆಂದರೆ `NTFS` ಅದರ ಒಂದು ನಕಲನ್ನು ಪಾರ್ಟಿಷನ್ನಿನ ಕೊನೆಯ ಸೆಕ್ಟರ್‌ನಲ್ಲಿ ಇಟ್ಟಿರುತ್ತದೆ, `TestDisk` ಅದರಿಂದಲೇ ವಾಪಸ್ ಬರೆಯುತ್ತದೆ. ಇದು ಸ್ಟೋರೇಜ್ ಪಾಠದಲ್ಲಿ ಕೇಳಿದ್ದು. ಪರೀಕ್ಷೆಗೆ ಬರುತ್ತೆ ಎಂದು ಓದಿದ್ದೆ, ನನ್ನ ಮನೆಗೇ ಬಂತು. ಆದರೆ ಆ ಟಿಕ್ ಟಿಕ್ ಸದ್ದು ಮತ್ತೆ ಬಂದರೆ ದಯವಿಟ್ಟು ಮುಂದುವರಿಸಬೇಡಿ, ಆಫ್ ಮಾಡಿಬಿಡಿ. ಹೆಡ್ ಹೋಗುತ್ತಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಇನ್ನಷ್ಟು ಕೆಡುತ್ತದೆ. ಆಗ ಬೆಂಗಳೂರಿನಲ್ಲಿ ಡೇಟಾ ರಿಕವರಿ ಮಾಡುವವರಿಗೆ ಕಳಿಸಬೇಕಾಗಬಹುದು. ಡಿಸ್ಕ್ ಕಾಲೇಜಿನ ಸ್ವತ್ತು, ನಿಮ್ಮ ಒಪ್ಪಿಗೆ ಇಲ್ಲದೆ ಹೊರಗೆ ಹೋಗುವಂತಿಲ್ಲ ಎಂದು ಗೊತ್ತು. ಖರ್ಚು ನಮ್ಮದೇ. ಎಷ್ಟಾಗುತ್ತದೆ ಎಂದು ಮೊದಲೇ ತಿಳಿಸಿದರೆ ಮನೆಯಲ್ಲಿ ಅಪ್ಪನನ್ನು ಕೇಳಿ ಹೇಳುತ್ತೇನೆ.

ಆ ಡಿ ಡ್ರೈವ್‌ನಲ್ಲಿ ಇನ್ನೂ ಇಬ್ಬರ ಫೈಲ್‌ಗಳಿವೆ. ಬೆಳಗಿನ ಬ್ಯಾಚಿನಲ್ಲಿ ಅದೇ ಸೀಟಿನಲ್ಲಿ ಕೂರುವವರು. ಅವರಿಗೂ ವಿಷಯ ಹೇಳಿದ್ದೇನೆ. ಅವರ ಫೋಲ್ಡರ್‌ಗಳನ್ನು ನಾನು ತೆರೆಯುವುದಿಲ್ಲ, ನೀವೇ ಬೇರೆ ಮಾಡಿ ಕೊಡಿ. ಇಮೇಜ್ ಇರುವ ಎಕ್ಸ್‌ಟರ್ನಲ್ ಡಿಸ್ಕ್ ಕೆಲಸ ಮುಗಿಯುವವರೆಗೆ ನಿಮ್ಮ ಬೀರುವಿನಲ್ಲೇ ಇರಲಿ, ಕೊನೆಗೆ ಅಳಿಸಿ ನನಗೆ ವಾಪಸ್ ಕೊಟ್ಟರೆ ಸಾಕು.

ಇನ್ನೊಂದು ಸಣ್ಣ ಸಹಾಯ. ಫೈಲ್ ಸಿಗಲಿ ಬಿಡಲಿ, 13ರಂದು ಕರೆಂಟ್ ಹೋಗಿ 17ನೇ ಸಿಸ್ಟಂನ ಡ್ರೈವ್ ಕೆಟ್ಟಿದ್ದು ನಿಜ ಎಂದು ನಮ್ಮ ಗೈಡ್ ಮೇಡಂಗೆ ಎರಡು ಸಾಲು ಬರೆದುಕೊಡಬಹುದೇ? ನನ್ನ ಮಾತನ್ನು ಅವರು ನಂಬುತ್ತಾರೆ, ಆದರೆ ದಿನಾಂಕ ಮುಂದೆ ಹಾಕಲು ವಿಭಾಗಕ್ಕೆ ಕಾಗದ ಬೇಕಂತೆ.

ಶನಿವಾರ ನಮಗೆ ಕ್ಲಾಸ್ ಇಲ್ಲ. ಬೆಳಿಗ್ಗೆ 9ಕ್ಕೆ ಡಿಸ್ಕ್ ಹಿಡಿದುಕೊಂಡು ಲ್ಯಾಬಿನ ಬಾಗಿಲಲ್ಲಿ ಇರುತ್ತೇನೆ. ಇಮೇಜ್ ತೆಗೆಯಲು ಎಷ್ಟು ಹೊತ್ತಾದರೂ ಕೂತಿರುತ್ತೇನೆ, ನೀವು ಕಾಯಬೇಕಿಲ್ಲ. ನಾಳೆಯೇ ನಿಮಗೆ ಬಿಡುವಿದ್ದರೆ ಇನ್ನೂ ಒಳ್ಳೆಯದು. ನನ್ನ ಮೊಬೈಲ್ ನಂಬರ್ ಲ್ಯಾಬ್ ರಿಜಿಸ್ಟರ್‌ನಲ್ಲಿ 41ರ ಎದುರು ಇದೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ರಮ್ಯಾ

ಮ.ವಿ.: ಚೀಟಿಯನ್ನು ಮತ್ತೆ ಯಾರಾದರೂ ಕಿತ್ತಾರು ಎಂದು 17ನೇ ಸಿಸ್ಟಂನ ಪವರ್ ಕೇಬಲ್ ಬಿಚ್ಚಿ ಮಾನಿಟರ್ ಹಿಂದೆ ಸುತ್ತಿಟ್ಟಿದ್ದೇನೆ. ಕೇಳದೆ ಮಾಡಿದ್ದಕ್ಕೆ ಬೈಯಬೇಡಿ ಸರ್. ಕೇಬಲ್ ಕಳೆದಿಲ್ಲ, ಅಲ್ಲೇ ಇದೆ.